ಫೋಟೊದಲ್ಲಿ ಬಂದ ಆರ್‌ಡಿ ಪಾಸ್‌ಬುಕ್ ಓದುವುದು ಹೇಗೆ?

ಊರಿನಲ್ಲಿರುವ ಅಮ್ಮ ಅಂಚೆ ಕಚೇರಿಯ ಆರ್‌ಡಿ ಪಾಸ್‌ಬುಕ್ಕಿನ ಫೋಟೊ ತೆಗೆಸಿ, ಬೆಂಗಳೂರಿನಲ್ಲಿರುವ ಮಗಳಿಗೆ ವಾಟ್ಸ್ಯಾಪ್ ಮಾಡಿಸುತ್ತಾರೆ. ‘ಎಲ್ಲಾ ಕಂತೂ ಕಟ್ಟಿದೀನಿ, ಕೊನೆಗೆ ಎಷ್ಟು ಬರುತ್ತೆ ನೋಡಿ ಹೇಳಮ್ಮ’ ಎಂಬ ಒಂದು ಮಾತೂ ಜೊತೆಗಿರುತ್ತದೆ. ಬಹಳಷ್ಟು ಜನ ಕೊನೆಯ ಸಾಲಿನ ಮೊತ್ತ ನೋಡಿ ‘ಸರಿ ಇದೆ’ ಎಂದು ಉತ್ತರಿಸಿ ಸುಮ್ಮನಾಗುತ್ತಾರೆ. ಸರಿ ಇದೆಯೋ ಇಲ್ಲವೋ ಎಂಬುದು ಆ ಒಂದು ಸಾಲಿನಿಂದ ತಿಳಿಯುವುದಿಲ್ಲ. ಹಿಂದಿನ ಸಾಲುಗಳ ಜೊತೆ ಅದನ್ನು ಇಟ್ಟು ನೋಡಬೇಕು.

ಅದಕ್ಕೆ ಮೊದಲು ಫೋಟೊ ನೆಟ್ಟಗಿರಬೇಕು. ಪಾಸ್‌ಬುಕ್ಕನ್ನು ಕಿಟಕಿ ಬೆಳಕಿನಲ್ಲಿ ಮೇಜಿನ ಮೇಲೆ ಹರಡಿ, ಫ್ಲ್ಯಾಶ್ ಇಲ್ಲದೆ, ಬೆರಳು ಅಡ್ಡ ಬರದಂತೆ ತೆಗೆಯಲು ಹೇಳಿ. ವಾಟ್ಸ್ಯಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ 1 ಮತ್ತು 7, 3 ಮತ್ತು 8 ಬೇರೆಬೇರೆಯಾಗಿ ಕಾಣುತ್ತವೆ. ಕಂತಿನ ಪುಟಗಳಷ್ಟೇ ಸಾಲದು, ಮೊದಲ ಪುಟವೂ ಬೇಕು. ಖಾತೆ ತೆರೆದ ದಿನಾಂಕ ಮತ್ತು ತಿಂಗಳ ಕಂತು ಇರುವುದು ಅಲ್ಲಿ. ಅದೇ ಪುಟದಲ್ಲಿ ಹೆಸರು, ಖಾತೆ ಸಂಖ್ಯೆಯೂ ಇರುವುದರಿಂದ ಕುಟುಂಬದ ಗ್ರೂಪಿಗೆ ಹಾಕದೆ ನೋಡುವವರೊಬ್ಬರಿಗೇ ಕಳಿಸುವುದು ಒಳ್ಳೆಯದು.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾತೆ ತೆರೆದದ್ದು 2021ರ ಆಗಸ್ಟ್ 10ರಂದು. ತಿಂಗಳಿಗೆ 2,000 ರೂಪಾಯಿ. ಅಂಚೆ ಆರ್‌ಡಿ ಐದು ವರ್ಷದ್ದು, ಒಟ್ಟು 60 ಕಂತು. ಹಾಗಾಗಿ ಅವಧಿ ಮುಗಿಯುವುದು 2026ರ ಆಗಸ್ಟ್ 10ಕ್ಕೆ. ಕೈಯಲ್ಲಿರುವ ಫೋಟೊದ ಕೊನೆಯ ಸಾಲು 2025ರ ಮಾರ್ಚ್ 14ರದು, ಅದರಲ್ಲಿ ಶಿಲ್ಕು 86,000.

ಮೊದಲು ಬೆರಳು ಮಡಿಸಿ ತಿಂಗಳು ಎಣಿಸಿ. 2021ರಲ್ಲಿ ಐದು, 2022, 2023, 2024ರಲ್ಲಿ ತಲಾ ಹನ್ನೆರಡು, 2025ರಲ್ಲಿ ಮೂರು. ಒಟ್ಟು 44. ಆಮೇಲೆ ಶಿಲ್ಕನ್ನು ಕಂತಿನಿಂದ ಭಾಗಿಸಿ. ಕಂತುಗಳ ಸಾಲಿನಲ್ಲಿ ಏರುತ್ತಾ ಹೋಗುವ ಶಿಲ್ಕು ಕಟ್ಟಿದ ಅಸಲಿನ ಮೊತ್ತವಾದ್ದರಿಂದ, 86,000ವನ್ನು 2,000ದಿಂದ ಭಾಗಿಸಿದರೆ ಬರುವ 43 ಎಂಬುದೇ ಖಾತೆಗೆ ಸೇರಿದ ಕಂತುಗಳ ಸಂಖ್ಯೆ. ಭಾಗಾಕಾರದಲ್ಲಿ ಶೇಷ ಉಳಿದರೆ ನೀವು ಅಂಕಿಯನ್ನು ತಪ್ಪಾಗಿ ಓದಿರುವ ಸಂಭವವೇ ಹೆಚ್ಚು. ಇಲ್ಲಿ ಶೇಷವಿಲ್ಲ, ಆದರೆ ಒಂದು ಕಂತು ಕಡಿಮೆ ಇದೆ.

ಯಾವ ಕಂತು? ಇಲ್ಲಿ ಅವಸರಪಟ್ಟರೆ ಕಣ್ಣು ತಪ್ಪು ಜಾಗಕ್ಕೆ ಹೋಗುತ್ತದೆ. ಈ ಪಾಸ್‌ಬುಕ್ಕಿನಲ್ಲಿ 2023ರ ಅಕ್ಟೋಬರ್, ನವೆಂಬರಿನ ಸಾಲುಗಳೇ ಇಲ್ಲ. ‘ಎರಡು ತಿಂಗಳು ಕಟ್ಟಿಲ್ಲವಲ್ಲ’ ಎಂದು ಅಮ್ಮನನ್ನು ಕೇಳುವ ಮೊದಲು ಡಿಸೆಂಬರಿನ ಸಾಲು ನೋಡಿ. ಅಲ್ಲಿ ಜಮಾ 6,000 ಇದೆ. ಮೂರು ತಿಂಗಳದ್ದನ್ನೂ ಒಟ್ಟಿಗೆ ಕಟ್ಟಿದ್ದಾರೆ. ಸಾಲುಗಳನ್ನು ಎಣಿಸಿದರೆ ಕಂತುಗಳನ್ನು ಎಣಿಸಿದಂತಾಗುವುದಿಲ್ಲ. ತಡವಾದ ಪ್ರತಿ ತಿಂಗಳಿಗೂ ನೂರು ರೂಪಾಯಿಗೆ ಒಂದು ರೂಪಾಯಿ ದಂಡ. ಅಕ್ಟೋಬರಿನ ಕಂತಿಗೆ 40, ನವೆಂಬರಿನದಕ್ಕೆ 20. ಹೀಗೆ ಅವರ ಕೈಯಿಂದ ಹೋದದ್ದು 6,060, ಶಿಲ್ಕಿಗೆ ಸೇರಿದ್ದು 6,000 ಮಾತ್ರ. ದಂಡ ಶಿಲ್ಕಿಗೆ ಸೇರುವುದಿಲ್ಲ.

ಇನ್ನು ಒಂದೊಂದೇ ಸಾಲು ಇಳಿಯುತ್ತಾ, ಈ ಸಾಲಿನ ಶಿಲ್ಕಿನಿಂದ ಮೇಲಿನ ಸಾಲಿನದನ್ನು ಕಳೆಯಿರಿ. ಉತ್ತರ ಆ ಸಾಲಿನ ಜಮಾ ಮೊತ್ತವೇ ಆಗಿರಬೇಕು. 2024ರ ಮೇ ತಿಂಗಳ ಶಿಲ್ಕು 68,000. ಜೂನಿನ ಸಾಲು ಪೆನ್ನಿನಲ್ಲಿ ಬರೆದದ್ದು, ಶಿಲ್ಕು 70,000. ಜುಲೈ ಸಾಲು ಯಂತ್ರದಲ್ಲಿ ಅಚ್ಚಾದದ್ದು, ಅಲ್ಲೂ 70,000! ಮೇಲಿನದು ಕಳೆದರೆ ಸೊನ್ನೆ. ಕಾಣೆಯಾದ ಕಂತು ಸಿಕ್ಕಿತು: ಜೂನಿನ ಹಣ ಪಾಸ್‌ಬುಕ್ಕಿನಲ್ಲಿದೆ, ಖಾತೆಯಲ್ಲಿಲ್ಲ.

ಕೈಬರಹ ಎಂದ ಮಾತ್ರಕ್ಕೆ ಅನುಮಾನ ಪಡಬೇಕಿಲ್ಲ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರರೇ ಕೈಯಲ್ಲಿ ಬರೆದು, ಸಹಿ ಹಾಕಿ, ತಾರೀಖಿನ ಮುದ್ರೆ ಒತ್ತುತ್ತಾರೆ. ನೋಡಬೇಕಾದದ್ದು ಆ ಸಹಿ ಮತ್ತು ಮುದ್ರೆ. ನಮ್ಮ ಜೂನ್ ಸಾಲಿನಲ್ಲಿ ಎರಡೂ ಇಲ್ಲ. ಮನೆಗೆ ಬಂದು ಹಣ ಒಯ್ಯುವ ಮಹಿಳಾ ಏಜೆಂಟರ ಮೂಲಕ ಕಟ್ಟುವವರ ಬಳಿ ಇನ್ನೊಂದು ದಾಖಲೆ ಇರುತ್ತದೆ, ಅಸ್ಲಾಸ್-5 ಎಂಬ ಕಾರ್ಡು. ಹಣ ಪಡೆದಾಗಲೆಲ್ಲ ಏಜೆಂಟರು ಅದರಲ್ಲಿ ಸಹಿ ಮಾಡಬೇಕು. ಆ ಕಾರ್ಡಿನ ಫೋಟೊವನ್ನೂ ತರಿಸಿಕೊಳ್ಳಿ. ಅದರಲ್ಲಿ ಜೂನಿನ ಸಹಿ ಇದ್ದರೆ ಅಮ್ಮ ಹಣ ಕೊಟ್ಟಿದ್ದಾರೆ, ಅದು ಕಚೇರಿಗೆ ತಲುಪಿಲ್ಲ ಎಂದರ್ಥ.

ಫೋಟೊ ಇಲ್ಲಿಯವರೆಗೆ ಮಾತ್ರ ಕರೆತರಬಲ್ಲದು. ಖಾತೆಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ಹೇಳುವುದು ಅಂಚೆ ಕಚೇರಿಯ ಕಂಪ್ಯೂಟರಿನ ಲೆಕ್ಕ. ಪಾಸ್‌ಬುಕ್, ಕಾರ್ಡು ಎರಡನ್ನೂ ಹಿಡಿದು ಹೋಗಿ ಖಾತೆಯ ವಿವರ ಕೇಳಬೇಕು. ಅಲ್ಲಿ ಸರಿಯಾಗದಿದ್ದರೆ ವಿಭಾಗದ ಅಂಚೆ ಅಧೀಕ್ಷಕರಿಗೆ ಬರೆದು ಕೊಡಬೇಕು. ತಡ ಮಾಡಬಾರದು, ಏಕೆಂದರೆ ಆಮೇಲೆ ಕಟ್ಟಿದ ಹಣ ಮೊದಲು ಬಾಕಿ ಕಂತಿಗೆ ಹೋಗುತ್ತದೆ. ಜುಲೈಯ ಹಣ ಜೂನಿಗೆ, ಆಗಸ್ಟಿನದು ಜುಲೈಗೆ. ಹೀಗೆ ಪ್ರತಿ ತಿಂಗಳೂ 20 ರೂಪಾಯಿ ದಂಡ ಬೆನ್ನಿಗೆ ಬಿದ್ದಿರುತ್ತದೆ. ಬಾಕಿ ನಾಲ್ಕು ಕಂತಿಗೆ ಮುಟ್ಟಿದರೆ ಖಾತೆ ನಿಂತುಹೋಗುತ್ತದೆ. ಎರಡು ತಿಂಗಳೊಳಗೆ ಚಾಲ್ತಿಗೆ ತರದಿದ್ದರೆ ಮತ್ತೆ ಅದಕ್ಕೆ ಹಣ ಕಟ್ಟಲಾಗದು.

ದಿನಾಂಕದ ಕಾಲಂ ಕೂಡ ಓದಿ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳು 15ರೊಳಗೇ ಕಂತು ಬೀಳಬೇಕು. 16 ಅಥವಾ ನಂತರ ತೆರೆದದ್ದಕ್ಕೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶವಿದೆ. ಅಮ್ಮ 8ನೇ ತಾರೀಖಿಗೇ ಏಜೆಂಟರ ಕೈಗೆ ಕೊಟ್ಟು, ಪಾಸ್‌ಬುಕ್ಕಿನಲ್ಲಿ 18 ಎಂದಿದ್ದರೆ ಆ ತಡದ ದಂಡ ಅವರದಲ್ಲ.

ಇನ್ನು ಕೊನೆಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ. ಆರ್‌ಡಿ ಬಡ್ಡಿ ದರ ಖಾತೆ ತೆರೆದ ದಿನ ಎಷ್ಟಿತ್ತೋ ಐದು ವರ್ಷವೂ ಅಷ್ಟೇ. 2021ರ ಆಗಸ್ಟಿನಲ್ಲಿ ಅದು ಶೇ. 5.8 ಇತ್ತು, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ. ಆ ಲೆಕ್ಕದಲ್ಲಿ 60 ಕಂತಿಗೆ, ಅಂದರೆ 1,20,000ಕ್ಕೆ, ಬರುವುದು ಸುಮಾರು 1,39,393 ರೂಪಾಯಿ. 2023ರ ಅಕ್ಟೋಬರಿನಲ್ಲಿ ದರ ಶೇ. 6.7 ಆಯಿತು. ಆಗ ಖಾತೆ ತೆರೆದ ಪಕ್ಕದ ಮನೆಯವರಿಗೆ ಇದೇ ಕಂತಿಗೆ ಸುಮಾರು 1,42,732 ಬರುತ್ತದೆ. ಮೊಬೈಲಿನ ಲೆಕ್ಕದ ಆ್ಯಪಿಗೆ ಇಂದಿನ ದರ ಹಾಕಿ ನೋಡಿದವರು ಮೂರು ಸಾವಿರ ಕಡಿಮೆ ಬಂತೆಂದು ಕೌಂಟರಿನಲ್ಲಿ ಜಗಳ ಆಡುವುದು ಇದರಿಂದಲೇ.

ಹಣ ತೆಗೆಯಲು ಹೋಗುವ ದಿನವನ್ನೂ ಮೊದಲ ಪುಟದಿಂದಲೇ ಗುರುತು ಮಾಡಿಕೊಳ್ಳಿ. ಮೂರು ವರ್ಷ ಕಳೆದ ಮೇಲೆ ಖಾತೆ ಮುಚ್ಚಬಹುದು ನಿಜ. ಆದರೆ ಅವಧಿಗೆ ಒಂದೇ ದಿನ ಮೊದಲು ಮುಚ್ಚಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ, ಶೇ. 4. ನಮ್ಮ ಉದಾಹರಣೆಯಲ್ಲಿ ಹತ್ತೊಂಬತ್ತು ಸಾವಿರ ಚಿಲ್ಲರೆಯ ಬಡ್ಡಿ ಹನ್ನೆರಡು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಜೂನಿನ ಆ ಒಂದು ಕಂತು ಅಷ್ಟರೊಳಗೆ ತುಂಬದೆ ಉಳಿದಿದ್ದರೆ, ಅವಧಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿ ಅದನ್ನು ಕಟ್ಟಲು ನಿಯಮದಲ್ಲಿ ಅವಕಾಶವಿದೆ. ನಾಲ್ಕು ಕಂತಿನವರೆಗಿನ ಬಾಕಿಗೆ ಈ ಸೌಲಭ್ಯ ಸಿಗುತ್ತದೆ, ಅವಧಿ ಮುಗಿಯುವ ಮೊದಲೇ ಕಚೇರಿಗೆ ಹೋಗಿ ಕೇಳಿಕೊಳ್ಳಬೇಕು.