ವರ್ಷಕ್ಕೆ 10% ಏರಿಸಿದ್ರೆ ಎಸ್‌ಐಪಿ ಎಷ್ಟಾಗುತ್ತೆ? ನನ್ನದೇ 5,000 ರೂಪಾಯಿಯ ಲೆಕ್ಕ

ಮ್ಯೂಚುವಲ್ ಫಂಡ್‌ನಲ್ಲಿ ಹೊಸ ಎಸ್‌ಐಪಿ ಶುರು ಮಾಡುವಾಗ ಹಲವು ಆ್ಯಪ್‌ಗಳಲ್ಲಿ ‘ಸ್ಟೆಪ್-ಅಪ್’ ಅಥವಾ ‘ಟಾಪ್-ಅಪ್’ ಅನ್ನೋ ಆಯ್ಕೆ ಕಾಣಿಸುತ್ತೆ. ಪ್ರತಿ ವರ್ಷ ಕಂತು ತಾನಾಗೇ ಏರಬೇಕಾ, ಏರಿದರೆ ಎಷ್ಟು ಅಂತ ಅದು ಕೇಳುತ್ತೆ. ಬಹಳ ಜನ ಅದನ್ನು ಖಾಲಿ ಬಿಟ್ಟು ಮುಂದೆ ಹೋಗ್ತಾರೆ. ಖಾಲಿ ಬಿಟ್ಟರೆ ಮತ್ತು ತುಂಬಿದರೆ ಕೊನೆಗೆ ಕೈಗೆ ಬರುವ ಹಣದಲ್ಲಿ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ನನ್ನದೇ ಅಂಕಿಗಳನ್ನು ಹಾಕಿ ನೋಡಿದೆ.

ನನ್ನ ಅಂಕಿಗಳು ಸರಳ. ನನಗೀಗ ಮೂವತ್ತು. ತಿಂಗಳಿಗೆ 5,000 ರೂಪಾಯಿ, 20 ವರ್ಷ. ವರ್ಷಕ್ಕೆ 10% ಬೆಳವಣಿಗೆ ಅಂತ ಇಟ್ಟುಕೊಂಡೆ. ಇದು ಊಹೆ ಅಷ್ಟೇ, ಯಾವ ಫಂಡ್ ಕೂಡ ಇಷ್ಟು ಕೊಡ್ತೀನಿ ಅಂತ ಖಾತ್ರಿ ಕೊಡೋದಿಲ್ಲ. ತೆರಿಗೆಯನ್ನೂ ಲೆಕ್ಕಕ್ಕೆ ತಂದಿಲ್ಲ.

ಎರಡು ಪಟ್ಟು, ಆದರೆ ಪುಕ್ಕಟೆ ಅಲ್ಲ

ಕಂತು 20 ವರ್ಷವೂ 5,000 ಆಗಿಯೇ ಇದ್ದರೆ ನಾನು ಕಟ್ಟೋದು 12 ಲಕ್ಷ. ಕೊನೆಗೆ ಸಿಗೋದು 36.20 ಲಕ್ಷ. ಪ್ರತಿ ವರ್ಷ 10% ಏರಿಸಿದರೆ ಸಿಗೋದು 77.31 ಲಕ್ಷ. ಎರಡು ಪಟ್ಟಿಗಿಂತ ಜಾಸ್ತಿ!

ಜಾಹೀರಾತುಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ಏರಿಸುವ ದಾರಿಯಲ್ಲಿ ನಾನು ಕಟ್ಟಿರೋದು 12 ಲಕ್ಷ ಅಲ್ಲ, 34.36 ಲಕ್ಷ. ಅಂದರೆ ಕಟ್ಟಿದ್ದು ಸುಮಾರು 2.9 ಪಟ್ಟು, ಸಿಕ್ಕಿದ್ದು 2.1 ಪಟ್ಟು. ಒಂದೊಂದು ರೂಪಾಯಿ ಎಷ್ಟು ಬೆಳೀತು ಅಂತ ನೋಡಿದರೆ ಒಂದೇ ಕಂತಿನ ಎಸ್‌ಐಪಿಯೇ ಮೇಲು. ಅಲ್ಲಿ ರೂಪಾಯಿ ಮೂರಾಗುತ್ತೆ, ಇಲ್ಲಿ ಎರಡೂಕಾಲು. ಕಾರಣ ಸ್ಪಷ್ಟ. ಏರಿಸುವಾಗ ಹೆಚ್ಚಿನ ಹಣ ಕೊನೆಯ ವರ್ಷಗಳಲ್ಲಿ ಬಂದು ಸೇರುತ್ತೆ, ಅದಕ್ಕೆ ಬೆಳೆಯಲು ಸಮಯ ಸಿಗೋದಿಲ್ಲ.

ಹಾಗಾದರೆ ಅದೇ 77.31 ಲಕ್ಷ ಒಂದೇ ಕಂತಿನಲ್ಲಿ ಬೇಕು ಅಂದರೆ? ಮೊದಲ ತಿಂಗಳಿಂದಲೇ 10,678 ರೂಪಾಯಿ ಕಟ್ಟಬೇಕು. ಕಟ್ಟುವ ಒಟ್ಟು ಮೊತ್ತ 25.63 ಲಕ್ಷ, ಏರಿಸುವ ದಾರಿಗಿಂತ ಸುಮಾರು 9 ಲಕ್ಷ ಕಡಿಮೆ. ಇವತ್ತೇ 10,678 ಕಟ್ಟಲು ಆಗುವವರಿಗೆ ಅದೇ ಅಗ್ಗದ ದಾರಿ. ನನಗೆ ಈಗ ಸಾಧ್ಯ ಇರೋದು 5,000. ಏರಿಸುತ್ತಾ ಹೋದರೆ ನನ್ನ ಕಂತು 10,678 ದಾಟೋದು ಒಂಬತ್ತನೇ ವರ್ಷ. ಆ ಹೊತ್ತಿಗೆ ಸಂಬಳವೂ ಏರಿರುತ್ತೆ ಅನ್ನೋದು ಲೆಕ್ಕಾಚಾರ. ಸ್ಟೆಪ್-ಅಪ್ ಅಂದರೆ ಇವತ್ತು ಆಗದ್ದನ್ನು ಮುಂದಕ್ಕೆ ಹಾಕೋದು. ಆ 9 ಲಕ್ಷ ಹಾಗೆ ಮುಂದಕ್ಕೆ ಹಾಕಿದ್ದರ ಬೆಲೆ.

500 ರೂಪಾಯಿನಾ, 10%ನಾ?

ಆ್ಯಪ್ ಎರಡು ರೀತಿ ಕೇಳಬಹುದು: ಇಷ್ಟು ರೂಪಾಯಿ ಏರಿಸು ಅಂತ, ಇಲ್ಲವೇ ಇಷ್ಟು ಶೇಕಡಾ ಏರಿಸು ಅಂತ. 5,000ಕ್ಕೆ 500 ಅಂದರೂ 10% ಅಂದರೂ ಎರಡನೇ ವರ್ಷದ ಕಂತು 5,500. ಮೂರನೇ ವರ್ಷ 6,000 ಮತ್ತು 6,050. ವ್ಯತ್ಯಾಸವೇ ಗೊತ್ತಾಗೋದಿಲ್ಲ. ಇಪ್ಪತ್ತನೇ ವರ್ಷಕ್ಕೆ ಬಂದಾಗ 500ರ ದಾರಿಯಲ್ಲಿ ಕಂತು 14,500, 10%ರ ದಾರಿಯಲ್ಲಿ 30,580. ಕೊನೆಯ ಮೊತ್ತ 59.76 ಲಕ್ಷ ಮತ್ತು 77.31 ಲಕ್ಷ. ರೂಪಾಯಿ ಲೆಕ್ಕದಲ್ಲಿ ಹಾಕಿದರೆ ಏರಿಕೆಯ ಪ್ರಮಾಣ ವರ್ಷ ವರ್ಷವೂ ಕುಗ್ಗುತ್ತಾ ಹೋಗುತ್ತೆ ಅನ್ನೋದು ನೆನಪಿರಲಿ.

‘ಕಂತು ಅಂದ್ರೆ ಒಂದೇ ಇರ್ಬೇಕು’

ಭದ್ರಾವತಿಯಲ್ಲಿರುವ ನಮ್ಮಪ್ಪ ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟಿ ಅಭ್ಯಾಸ ಇರುವವರು. ಈ ಲೆಕ್ಕ ತೋರಿಸಿದಾಗ, “ಕಂತು ಅಂದ್ರೆ ಕೊನೆವರೆಗೂ ಒಂದೇ ಇರ್ಬೇಕು ಕಣೋ. ಪ್ರತಿ ವರ್ಷ ಸಂಬಳ ಏರುತ್ತೆ ಅಂತ ನಿಂಗೆ ಯಾರು ಹೇಳಿದ್ರು?” ಅಂದ್ರು.

ಮೊದಲ ಮಾತಿಗೆ ನನ್ನ ಹತ್ತಿರ ಉತ್ತರ ಇದೆ. ಬೆಲೆ ಏರಿಕೆ ವರ್ಷಕ್ಕೆ 5% ಅಂದುಕೊಂಡರೆ, ಇಪ್ಪತ್ತನೇ ವರ್ಷದಲ್ಲಿ ಕಟ್ಟುವ 5,000ಕ್ಕೆ ಇವತ್ತಿನ ಲೆಕ್ಕದಲ್ಲಿ ಸುಮಾರು 1,980 ರೂಪಾಯಿಯ ಬೆಲೆ. ಒಂದೇ ಕಂತು ಅಂತ ನಾವು ಅಂದುಕೊಂಡಿದ್ದು ನಿಜವಾಗಿ ಇಳಿಯುತ್ತಿರುವ ಕಂತು. 5% ಏರಿಸಿದರೆ ಮಾತ್ರ ಅದು ಇದ್ದಲ್ಲೇ ಇರುತ್ತೆ, ಆಗ ಸಿಗೋದು 51.50 ಲಕ್ಷ. ಹಾಗೆಯೇ 77.31 ಲಕ್ಷವೂ ಇವತ್ತಿನ ಬೆಲೆಯಲ್ಲಿ 29 ಲಕ್ಷ ಚಿಲ್ಲರೆ ಅಷ್ಟೇ.

ಎರಡನೇ ಪ್ರಶ್ನೆ ಗಟ್ಟಿ. ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಇಡೀ ಊರು ಬೀದಿಗಿಳಿಯಿತು. ಸಂಬಳ ಏರುತ್ತಲೇ ಇರುತ್ತೆ ಅನ್ನೋ ಮಾತನ್ನು ಭದ್ರಾವತಿಯವರು ಸುಮ್ಮನೆ ಒಪ್ಪೋದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸವೂ ಹಾಗೇ.

ಹಾಗಾಗಿ ಏರಿಕೆ ಅರ್ಧದಲ್ಲೇ ನಿಂತರೆ ಏನಾಗುತ್ತೆ ಅಂತ ನೋಡಿದೆ. ಹತ್ತನೇ ವರ್ಷದವರೆಗೆ ಏರಿಸಿ, ಅಲ್ಲಿಗೆ ತಲುಪಿದ 11,790 ರೂಪಾಯಿಯನ್ನೇ ಕೊನೆವರೆಗೂ ಕಟ್ಟಿದರೆ 62.41 ಲಕ್ಷ. ಇದನ್ನೇ ತಿರುಗಿಸಿ, ಮೊದಲ ಹತ್ತು ವರ್ಷ 5,000 ಕಟ್ಟಿ, ಆಮೇಲಿನ ಹತ್ತು ವರ್ಷವೂ 10% ಏರಿಸಿದರೆ ಬರೋದು 42.52 ಲಕ್ಷ ಮಾತ್ರ. ಮೊದಲ ದಾರಿಯಲ್ಲಿ ಒಂಬತ್ತು ಏರಿಕೆ, ಎರಡನೆಯದರಲ್ಲಿ ಹತ್ತು. ಆದರೂ ಮೊದಲನೆಯದು ಸುಮಾರು 20 ಲಕ್ಷ ಮುಂದೆ. ‘ಈಗ ಮದುವೆ, ಮನೆ ಖರ್ಚು ಮುಗೀಲಿ, ಆಮೇಲೆ ಏರಿಸೋಣ’ ಅನ್ನುವವರು ನೋಡಬೇಕಾದ ಅಂಕಿ ಇದು. 20 ವರ್ಷ ಏರಿಸ್ತೀನಿ ಅನ್ನೋ ಖಾತ್ರಿ ಬೇಕಿಲ್ಲ, ಮೊದಲ ಕೆಲವು ವರ್ಷ ಏರಿಸಲು ಆದರೂ ಸಾಕಷ್ಟು ಕೆಲಸ ಆಗಿರುತ್ತೆ.

ನಿಮ್ಮ ಅಂಕಿ ಹಾಕಿ ನೋಡಿ

ಫೋನಿನಲ್ಲೇ ಯಾವುದಾದರೂ ಪೈಥಾನ್ ಆ್ಯಪ್‌ನಲ್ಲಿ ಇದನ್ನು ಓಡಿಸಬಹುದು:

```
v, s = 0, 5000
m = 1.10 ** (1/12)
for y in range(20):
    for k in range(12):
        v = (v + s) * m
    s = s * 1.10
print(round(v))
```

`s` ಅಂದರೆ ಕಂತು. `m` ಸಾಲಿನ 1.10 ಬೆಳವಣಿಗೆ, ಕೊನೆಯ 1.10 ಏರಿಕೆ. ಏರಿಕೆಯನ್ನು 1.00 ಮಾಡಿದರೆ ಒಂದೇ ಕಂತಿನ ಉತ್ತರ ಬರುತ್ತೆ. ಕೆಲವು ಕ್ಯಾಲ್ಕುಲೇಟರ್‌ಗಳು ವರ್ಷದ ದರವನ್ನು ನೇರವಾಗಿ 12ರಿಂದ ಭಾಗಿಸುತ್ತವೆ. ಆಗ 10% ಅನ್ನೋದು ವರ್ಷಕ್ಕೆ 10.47% ಆಗಿ, ಮೊತ್ತ ಸ್ವಲ್ಪ ಹೆಚ್ಚು ಕಾಣುತ್ತೆ.

ಇನ್ನೊಂದು ವಿಷಯ ಫಾರ್ಮ್ ತುಂಬುವಾಗಲೇ ನೋಡಿಕೊಳ್ಳಬೇಕು. ಬ್ಯಾಂಕ್ ಮ್ಯಾಂಡೇಟ್‌ಗೆ ಒಂದು ಗರಿಷ್ಠ ಮೊತ್ತ ಇರುತ್ತೆ. ನೀವು 15,000 ಅಂತ ಹಾಕಿದ್ದರೆ 12ನೇ ವರ್ಷದ 14,266 ದಾಟಿಹೋಗುತ್ತೆ, 13ನೇ ವರ್ಷದ 15,692 ರೂಪಾಯಿ ಆ ಮ್ಯಾಂಡೇಟ್‌ನಲ್ಲಿ ಕಡಿತ ಆಗೋದಿಲ್ಲ. ಏರಿಕೆಯ ಮೊದಲ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಹೊಸ ಮೊತ್ತ ಕಡಿತ ಆಗಿದೆಯಾ ಅಂತ ನೋಡಿ. ಹಳೇ ಎಸ್‌ಐಪಿಗೆ ಸ್ಟೆಪ್-ಅಪ್ ಸೇರಿಸಲು ಆಗದಿದ್ದರೆ ಅದನ್ನು ನಿಲ್ಲಿಸಬೇಕಿಲ್ಲ. ಸಂಬಳ ಏರಿದ ತಿಂಗಳು ಅದೇ ಫಂಡ್‌ನಲ್ಲಿ 500 ರೂಪಾಯಿಯ ಇನ್ನೊಂದು ಎಸ್‌ಐಪಿ ಶುರು ಮಾಡಿ, ಫಲ ಒಂದೇ. ಕೆಲಸಕ್ಕೆ ತೊಂದರೆಯಾದ ವರ್ಷ ಆ ಚಿಕ್ಕದನ್ನು ಮಾತ್ರ ನಿಲ್ಲಿಸಿ, ಮೊದಲಿನ 5,000 ಹಾಗೇ ಮುಂದುವರಿಸಬಹುದು.