ಥಂಬ್ಸ್ ಅಪ್ ಅಂದ್ರೆ ಒಪ್ಪಿಗೆ ಅಲ್ಲ

ನಮ್ಮ ಬೊಮ್ಮನಹಳ್ಳಿಯಿಂದ ಸ್ವಲ್ಪ ದೂರ ಹೋದ್ರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರೋ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ‘ಬೆಂಗಳೂರು’ ಅನ್ನೋ ಹೆಸರಿದೆ. ಅದರ ಮೇಲೆ ನಾವೊಂದು ವಿಡಿಯೊ ಮಾಡಿದ್ವಿ. ಸಂಬಳ ಯಾರಿಗೂ ಇಲ್ಲ. ಎಲ್ರೂ ಬಿಡುವಿನಲ್ಲಿ ಕೆಲಸ ಮಾಡೋರು.

ಬಲ್ಲಾಳ ರಾಜನಿಗೆ ಅಜ್ಜಿ ಬೆಂದ ಕಾಳು ಕೊಟ್ಟಿದ್ದಕ್ಕೇ ಈ ಹೆಸರು ಬಂತು ಅಂತ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲಿತ್ತು. ವಿದ್ವಾಂಸರು ವಾಟ್ಸಾಪ್ ಗ್ರೂಪ್‌ನಲ್ಲಿ ಥಂಬ್ಸ್ ಅಪ್ ಒತ್ತಿದ್ರು. ಅವರ ಲೆಕ್ಕದಲ್ಲಿ ಅದು ‘ಸಿಕ್ತು, ಓದ್ತೀನಿ’. ನಮ್ಮ ಲೆಕ್ಕದಲ್ಲಿ ‘ಓಕೆ’. ಎಡಿಟಿಂಗ್ ಮುಗಿದ ಮೇಲೆ ಅವರು ಕೇಳಿದ್ರು: ‘ಶಾಸನ ಆಗಿ ಸುಮಾರು 300 ವರ್ಷದ ನಂತರ ಬಂದ ರಾಜ ಹೆಸರಿಡೋದು ಹೇಗ್ರೀ?’ ಒಂದು ಸಾಲಿಗಾಗಿ ಧ್ವನಿ ಮತ್ತೆ ರೆಕಾರ್ಡ್ ಆಯ್ತು, ದೃಶ್ಯಗಳನ್ನ ಮತ್ತೆ ಜೋಡಿಸಬೇಕಾಯ್ತು.

ಈಗ ಎಲ್ಲರಿಗೂ ಒಂದೇ ಗೂಗಲ್ ಶೀಟ್. ಪ್ರತಿ ಸಾಲಿನ ಎದುರು ಅದರ ಆಧಾರ, ಒಪ್ಪಿದವರ ಹೆಸರು, ದಿನಾಂಕ ಇರುತ್ತೆ. ಹಂತ ಮೂರು. ವಿದ್ವಾಂಸರು ‘ಒಪ್ಪಿದೆ’ ಅಂತ ಬರೆಯೋವರೆಗೂ ನಿರೂಪಕಿ ಮೈಕ್ ಆನ್ ಮಾಡಲ್ಲ. ಆಮೇಲೆ ಧ್ವನಿಯಲ್ಲಿ ಹಳಗನ್ನಡದ ಉಚ್ಚಾರಣೆಯನ್ನ ಅವರೇ ಕೇಳಿ ಒಪ್ಪಬೇಕು. ಅಲ್ಲಿವರೆಗೂ ಎಡಿಟರ್ ಶುರು ಮಾಡಲ್ಲ. ಕೊನೆಗೆ ಮೂವರೂ ಪೂರ್ತಿ ವಿಡಿಯೊ ನೋಡ್ತಾರೆ. ಆಗ ತಪ್ಪು ಮಾತ್ರ ತಿದ್ದೋದು. ‘ಈ ವಾಕ್ಯ ಇನ್ನೂ ಚೆನ್ನಾಗಿರಬಹುದಿತ್ತು’ ಅನ್ನೋದು ಮುಂದಿನ ವಿಡಿಯೊಗೆ.

ಇದರಲ್ಲೂ ಒಂದು ತೊಡಕಿದೆ. ವಿದ್ವಾಂಸರು ಊರಲ್ಲಿಲ್ಲ ಅಂದ್ರೆ ಕೆಲಸ ನಿಲ್ಲುತ್ತೆ. ನಿಲ್ಲಲಿ. ಅವರ ಮೌನವನ್ನ ಒಪ್ಪಿಗೆ ಅಂದ್ಕೊಂಡೇ ಅಲ್ವಾ ನಾವು ಎಡವಿದ್ದು!