ಮಾಲು ನಮ್ಮದು, ಕೂಲಿ ಅವರದು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಕಬ್ಬಿಣದ ಮಾಲು ಹೊತ್ತ ಟೆಂಪೋಗಳು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತವೆ. ಅದರಲ್ಲಿ ಎಷ್ಟೋ ಮಾಲು ಮಾರಾಟಕ್ಕೆ ಹೊರಟದ್ದಲ್ಲ. ಒಬ್ಬರು ರಾಡು ಕೊಂಡಿರುತ್ತಾರೆ, ಇನ್ನೊಬ್ಬರು ಅದನ್ನು ಲೇತಿಗೆ ಹಾಕಿ ಕಡೆದು ಕೊಡುತ್ತಾರೆ, ಮತ್ತೊಬ್ಬರು ಅದರ ಮೇಲೆ ಸತುವಿನ ಪ್ಲೇಟಿಂಗ್ ಮಾಡುತ್ತಾರೆ. ಇಷ್ಟೆಲ್ಲ ಕೈ ಬದಲಾಯಿಸಿದರೂ ಮಾಲಿನ ಒಡೆತನ ಮೊದಲಿನವರದ್ದೇ. ಇದೇ ಜಾಬ್ ವರ್ಕ್.

ಒಡೆತನ ಬದಲಾಗದ ಮೇಲೆ ಮಾರಾಟವೂ ಇಲ್ಲ, ಮಾರಾಟವಿಲ್ಲದ ಮೇಲೆ ತೆರಿಗೆಯೂ ಇಲ್ಲ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಈ ಅನುಕೂಲವನ್ನು ಕೊಟ್ಟಿದೆ. ನೋಂದಾಯಿತ ಉದ್ಯಮಿ ತನ್ನ ಕಚ್ಚಾ ಮಾಲನ್ನು ತೆರಿಗೆ ಕಟ್ಟದೆ ಜಾಬ್ ವರ್ಕಿಗೆ ಕಳಿಸಬಹುದು, ಅದನ್ನು ಕೊಂಡಾಗ ಕಟ್ಟಿದ ತೆರಿಗೆಯ ಕ್ರೆಡಿಟ್ಟನ್ನೂ ಉಳಿಸಿಕೊಳ್ಳಬಹುದು. ಆದರೆ ಹೋದ ಮಾಲು ಹೋದಷ್ಟೇ ಲೆಕ್ಕಕ್ಕೆ ವಾಪಸ್ ಬಂತು ಎಂಬುದನ್ನು ತೋರಿಸುವ ಹೊಣೆ ಅವನದೇ. ಅದಕ್ಕೆ ಆಧಾರ ಡೆಲಿವರಿ ಚಲನ್, ಅಂದರೆ ಶೆಡ್ಡುಗಳಲ್ಲಿ ಎಲ್ಲರೂ ಹೇಳುವ 'ಡಿಸಿ'.

ಒಂದು ಲೆಕ್ಕ ಹಿಡಿದು ನೋಡೋಣ. ಪೀಣ್ಯದ ಒಂದು ಕಾರ್ಖಾನೆಗೆ ಉಕ್ಕಿನ ಪಿನ್ನುಗಳು ಬೇಕು ಎಂದುಕೊಳ್ಳಿ. ಅದು 25 ಮಿ.ಮೀ. ದಪ್ಪದ 500 ಕಿಲೋ ರಾಡನ್ನು ಪಕ್ಕದ ರಸ್ತೆಯ ಲೇತ್ ಶೆಡ್ಡಿಗೆ ಕಳಿಸುತ್ತದೆ. ಕಿಲೋಗೆ 70 ರೂಪಾಯಿಯಂತೆ ಮಾಲಿನ ಬೆಲೆ 35,000 ರೂಪಾಯಿ. ಕಡೆದು ಮುಗಿದ ಪಿನ್ನುಗಳು ಅಲ್ಲಿಂದ ನೇರವಾಗಿ ಹೊಸೂರಿನ ಪ್ಲೇಟಿಂಗ್ ಘಟಕಕ್ಕೆ ಹೋಗಿ, ಆಮೇಲೆ ಪೀಣ್ಯಕ್ಕೆ ಮರಳಬೇಕು.

ಮೊದಲ ಚಲನ್ ಬರೆಯುವುದು ಕಾರ್ಖಾನೆ. ಮೂರು ಪ್ರತಿ: ಒಂದು ಮಾಲು ಪಡೆಯುವವರಿಗೆ, ಒಂದು ಗಾಡಿಯವರಿಗೆ, ಒಂದು ತನ್ನ ಫೈಲಿಗೆ. ಅದರಲ್ಲಿ ಕ್ರಮಸಂಖ್ಯೆ, ತಾರೀಕು, ಇಬ್ಬರ ಹೆಸರು, ವಿಳಾಸ ಮತ್ತು ಜಿಎಸ್‌ಟಿ ನಂಬರು, ಮಾಲಿನ ವಿವರ, ಎಚ್‌ಎಸ್‌ಎನ್ ಕೋಡ್, ತೂಕ, ಬೆಲೆ ಇರಬೇಕು. ಮಾರುವುದಿಲ್ಲವಲ್ಲ, ಬೆಲೆ ಯಾಕೆ ಎಂದು ಆ ಜಾಗವನ್ನು ಖಾಲಿ ಬಿಡುವವರಿದ್ದಾರೆ. ನಾಳೆ ಮಾಲು ಮರಳದಿದ್ದರೆ ತೆರಿಗೆ ಲೆಕ್ಕ ಶುರುವಾಗುವುದೇ ಆ ಬೆಲೆಯಿಂದ. ಇನ್ನೊಂದು ವಿಷಯವನ್ನೂ ಇಲ್ಲೇ ಬರೆದಿಟ್ಟರೆ ಒಳ್ಳೆಯದು: ಈ 500 ಕಿಲೋ ರಾಡಿನಿಂದ ಎಷ್ಟು ಪಿನ್ನು ಬರಬೇಕು ಎಂಬ ಅಂದಾಜು. ಕಾನೂನು ಇದನ್ನು ಕೇಳುವುದಿಲ್ಲ, ಆದರೆ ಮಾಲು ಮರಳಿದಾಗ ಗೋದಾಮಿನವನಿಗೆ ಬೇಕಾಗುವುದು ಇದೇ.

ಯಾಕೆಂದರೆ ಹೋಗುವಾಗ ಮಾಲು ಕಿಲೋದಲ್ಲಿ ಹೋಗುತ್ತದೆ, ಬರುವಾಗ ಸಂಖ್ಯೆಯಲ್ಲಿ ಬರುತ್ತದೆ. ಲೆಕ್ಕ ತಪ್ಪುವ ಜಾಗವೂ ಇದೇ. ಒಂದು ಪಿನ್ನಿಗೆ 250 ಗ್ರಾಂ ರಾಡು ಬೇಕು, ಕಡೆದು ಮುಗಿದಾಗ ಅದು 190 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಶೆಡ್ಡಿನವರು 1,980 ಪಿನ್ನು ತೆಗೆದರು. ಅದರಲ್ಲಿ 1,960 ಸರಿಯಿವೆ, 20 ಅಳತೆ ತಪ್ಪಿ ರಿಜೆಕ್ಟ್ ಆಗಿವೆ. ಸರಿಯಿರುವ ಪಿನ್ನುಗಳ ತೂಕ 372.4 ಕಿಲೋ, ರಿಜೆಕ್ಟ್ ಆದವು 3.8 ಕಿಲೋ. ಉಳಿದ 123.8 ಕಿಲೋದಲ್ಲಿ ಸುಮಾರು 119 ಕಿಲೋ ಲೇತಿನಿಂದ ಸುರುಳಿಯಾಗಿ ಬಿದ್ದ ಚೂರು, 5 ಕಿಲೋ ರಾಡಿನ ತುದಿಯ ತುಂಡುಗಳು. ಎಲ್ಲ ಕೂಡಿದರೆ 500. ಲೆಕ್ಕ ಹೀಗೆ ಕೂಡಿಬಂದರೆ ಚಲನ್‌ಗಳು ಎಷ್ಟೇ ಇರಲಿ, ಯಾರು ಕೇಳಿದರೂ ಉತ್ತರ ಸಿಗುತ್ತದೆ.

ಈಗ ಎರಡನೆಯ ಹೆಜ್ಜೆ. ಪಿನ್ನುಗಳು ಲೇತ್ ಶೆಡ್ಡಿನಿಂದ ಹೊಸೂರಿಗೆ ಹೊರಡಬೇಕು. ಅದಕ್ಕಾಗಿ ಕಾರ್ಖಾನೆಗೆ ಒಮ್ಮೆ ತಂದು ಮತ್ತೆ ಕಳಿಸಬೇಕಾಗಿಲ್ಲ. ಕಾರ್ಖಾನೆ ಹೊಸ ಚಲನ್ ಕೊಡಬಹುದು, ಶೆಡ್ಡಿನವರೇ ಚಲನ್ ಬರೆಯಬಹುದು, ಇಲ್ಲವೇ ಮೊದಲ ಚಲನ್ ಮೇಲೆಯೇ ಈಗ ಹೊರಟ ಮಾಲಿನ ವಿವರ ಮತ್ತು ಸಂಖ್ಯೆ ಬರೆದು ಸಹಿ ಹಾಕಿ ಮುಂದೆ ಕಳಿಸಬಹುದು. ಆದರೆ ಈ ಕೊನೆಯ ದಾರಿಗೆ ಒಂದು ಮಿತಿ ಇದೆ. ಮಾಲನ್ನು ಕಂತು ಕಂತಾಗಿ ಮಾಲೀಕನಿಗೆ ಹಿಂದಿರುಗಿಸುವಾಗ ಹಳೆಯ ಚಲನ್ ಮೇಲೆ ಬರೆದರೆ ನಡೆಯುವುದಿಲ್ಲ. ಪ್ರತಿ ಕಂತಿಗೂ ಜಾಬ್ ವರ್ಕ್ ಮಾಡಿದವರು ಹೊಸ ಚಲನ್ ಬರೆಯಬೇಕು ಎಂದು 2018ರ ಮಾರ್ಚ್ 26ರ ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ. ಅದಕ್ಕೇ ಅನುಭವವಿದ್ದವರು ಎಲ್ಲ ಓಡಾಟಕ್ಕೂ ಬೇರೆ ಬೇರೆ ಚಲನ್ ಬರೆದು, ಪ್ರತಿಯೊಂದರಲ್ಲೂ ಮೊದಲ ಚಲನ್‌ನ ನಂಬರನ್ನು ಕಾಣಿಸುತ್ತಾರೆ.

ಹೊಸೂರು ಇರುವುದು ತಮಿಳುನಾಡಿನಲ್ಲಿ. ಪೀಣ್ಯದೊಳಗಿನ ಓಡಾಟದಲ್ಲಿ ಮಾಲಿನ ಬೆಲೆ 50,000 ರೂಪಾಯಿ ದಾಟಿರಲಿಲ್ಲ, ಹಾಗಾಗಿ ಇ-ವೇ ಬಿಲ್ ಬೇಕಾಗಿರಲಿಲ್ಲ. ಆದರೆ ಬೇರೆ ರಾಜ್ಯದ ಜಾಬ್ ವರ್ಕರ್‌ಗೆ ಮಾಲು ಕಳಿಸುವಾಗ ಬೆಲೆ ಎಷ್ಟೇ ಕಡಿಮೆಯಿರಲಿ, ಇ-ವೇ ಬಿಲ್ ಕಡ್ಡಾಯ. ಅತ್ತಿಬೆಲೆಯ ಬಳಿ ಗಾಡಿ ತಡೆದಾಗ ಚಲನ್ ಒಂದನ್ನೇ ತೋರಿಸಿದರೆ ಸಾಲದು. ಇ-ವೇ ಬಿಲ್ ತೆಗೆಯುವಾಗ ಪರದೆಯ ಮೇಲೆ `Supply` ಬದಲು `Job Work` ಎಂಬುದನ್ನು ಆರಿಸಬೇಕು. ಅಭ್ಯಾಸಬಲದಿಂದ ಮೊದಲನೆಯದನ್ನು ಒತ್ತಿದರೆ ಮಾರಾಟವೇ ಆಗದ ಮಾಲು ಇಲಾಖೆಯ ಕಣ್ಣಿಗೆ ಮಾರಾಟದಂತೆ ಕಾಣುತ್ತದೆ, ಆಮೇಲೆ ರಿಟರ್ನಿಗೂ ಅದಕ್ಕೂ ಯಾಕೆ ತಾಳೆಯಾಗುತ್ತಿಲ್ಲ ಎಂಬ ನೋಟಿಸು ಬರಬಹುದು.

ಇನ್ನು ಬಿಲ್ಲಿನ ಮಾತು. ಮುಗಿದ ಮಾಲು ಮರಳುವುದು ಚಲನ್ ಮೇಲೆ, ಕೂಲಿಯ ಲೆಕ್ಕ ಬರುವುದು ಇನ್‌ವಾಯ್ಸ್ ಮೇಲೆ. ಬೇರೆಯವರ ಮಾಲಿನ ಮೇಲೆ ಕೆಲಸ ಮಾಡಿಕೊಡುವುದನ್ನು ಜಿಎಸ್‌ಟಿ ಸೇವೆ ಎಂದು ಎಣಿಸುತ್ತದೆ. ಆದ್ದರಿಂದ ಲೇತ್ ಶೆಡ್ಡಿನ ಇನ್‌ವಾಯ್ಸಿನಲ್ಲಿ ರಾಡಿನ 35,000 ರೂಪಾಯಿ ಬರುವಂತೆಯೇ ಇಲ್ಲ. ಪಿನ್ನಿಗೆ 6 ರೂಪಾಯಿಯಂತೆ 1,960 ಪಿನ್ನಿಗೆ ಕೂಲಿ 11,760 ರೂಪಾಯಿ. ಇಂಥ ಎಂಜಿನಿಯರಿಂಗ್ ಜಾಬ್ ವರ್ಕಿಗೆ 2025ರ ಸೆಪ್ಟೆಂಬರ್ 22ರವರೆಗೆ ಶೇ. 12 ಇದ್ದ ತೆರಿಗೆ ಅಂದಿನಿಂದ ಶೇ. 18 ಆಗಿದೆ. ಜವಳಿಯ ಜಾಬ್ ವರ್ಕಿಗೆ ಶೇ. 5 ಹಾಗೆಯೇ ಉಳಿದಿದೆ. ನಮ್ಮ ಲೆಕ್ಕದಲ್ಲಿ ತೆರಿಗೆ 2,116.80 ರೂಪಾಯಿ, ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಕಾರ್ಖಾನೆಗೆ ಇದರ ಕ್ರೆಡಿಟ್ಟೂ ಸಿಗುತ್ತದೆ.

ಪ್ಲೇಟಿಂಗ್‌ನವರು ತೂಕದ ಮೇಲೆ ಕೂಲಿ ಹಾಕುತ್ತಾರೆ. 372.4 ಕಿಲೋಗೆ 15 ರೂಪಾಯಿಯಂತೆ 5,586 ರೂಪಾಯಿ, ಅದರ ಮೇಲೆ ಶೇ. 18 ಐಜಿಎಸ್‌ಟಿ. ಅವರು ಬಳಸಿದ ಸತು, ಆಮ್ಲ, ರಾಸಾಯನಿಕಗಳೆಲ್ಲ ಅವರವೇ. ಅವುಗಳ ಖರ್ಚು ಕೂಲಿಯೊಳಗೇ ಸೇರಿರುತ್ತದೆ, ಅವುಗಳಿಂದಾಗಿ ಇದು ಮಾಲಿನ ಮಾರಾಟವಾಗಿಬಿಡುವುದಿಲ್ಲ. ಹತ್ತು ಮೈಕ್ರಾನ್ ಲೇಪದಿಂದ ಇಡೀ ಲಾಟಿನ ತೂಕ ಒಂದು ಕಿಲೋಗೂ ಕಡಿಮೆ ಏರುತ್ತದೆ. ವಾಪಸ್ ಬಂದ ಪಿನ್ನಿನ ತೂಕ ಹೋದದ್ದಕ್ಕಿಂತ ಕೊಂಚ ಹೆಚ್ಚಿದ್ದರೆ ಗಾಬರಿ ಬೇಡ. ತೂಕ ಸರಿಯಾಗಿದ್ದು ಎಣಿಕೆ ಕಡಿಮೆಯಾದರೆ ಮಾತ್ರ ಬೇರೆ ಪಾರ್ಟಿಯ ಪಿನ್ನು ಬೆರೆತಿದೆಯೇ ನೋಡಬೇಕು. ಎರಡೂ ಇನ್‌ವಾಯ್ಸುಗಳಲ್ಲಿ ಆಯಾ ಚಲನ್ ನಂಬರು ಇದ್ದರೆ, ಯಾವ ಮಾಲಿಗೆ ಯಾವ ಕೂಲಿ ಎಂದು ಆರು ತಿಂಗಳ ನಂತರವೂ ಹೇಳಬಹುದು.

ಎಲ್ಲ ಸರಿಯಾಗಿ ನಡೆದ ಕಡೆಯೂ ಎಡವುವುದು ಸ್ಕ್ರ್ಯಾಪಿನಲ್ಲಿ. "ಚೂರೆಲ್ಲ ನೀವೇ ಇಟ್ಕೊಳಿ ಸಾರ್, ರೇಟು ಸ್ವಲ್ಪ ನೋಡ್ಕೊಂಡು ಹಾಕಿ" ಎನ್ನುವುದು ಶೆಡ್ಡುಗಳಲ್ಲಿ ಕೇಳಿಬರುವ ಮಾತು. ಕಿಲೋಗೆ 30 ರೂಪಾಯಿ ಎಂದರೂ ಆ 119 ಕಿಲೋ ಚೂರಿಗೆ 3,570 ರೂಪಾಯಿ ಬೆಲೆ ಇದೆ. ಚೂರು ರಾಡಿನಿಂದಲೇ ಬಂದದ್ದು, ಹಾಗಾಗಿ ಅದರ ಒಡೆಯನೂ ರಾಡಿನ ಒಡೆಯನೇ. ಕೂಲಿ ಇಳಿಸಿಕೊಂಡು ಅದನ್ನು ಬಿಟ್ಟುಕೊಟ್ಟರೆ ಕಾರ್ಖಾನೆ ಸ್ಕ್ರ್ಯಾಪ್ ಮಾರಿದಂತೆ, ಶೆಡ್ಡಿನವರು ಒಂದಿಷ್ಟು ಕೂಲಿಯನ್ನು ಹಣದ ಬದಲು ಕಬ್ಬಿಣದಲ್ಲಿ ಪಡೆದಂತೆ. ಎರಡೂ ಕಡೆ ತೆರಿಗೆ ಲೆಕ್ಕಕ್ಕೆ ಬರುತ್ತದೆ. ನೇರ ದಾರಿ ಎಂದರೆ ಕೂಲಿಯನ್ನು ಪೂರ್ತಿ ಬಿಲ್ಲು ಮಾಡಿ, ಸ್ಕ್ರ್ಯಾಪಿಗೆ ಕಾರ್ಖಾನೆ ಬೇರೆ ಇನ್‌ವಾಯ್ಸ್ ಕೊಡುವುದು. ಶೆಡ್ಡಿನವರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಅವರೇ ಅಲ್ಲಿಂದ ತೆರಿಗೆ ಕಟ್ಟಿ ಸ್ಕ್ರ್ಯಾಪನ್ನು ಹೊರಗೆ ಮಾರಲೂಬಹುದು. ನೋಂದಣಿ ಇಲ್ಲದಿದ್ದರೆ ಆ ತೆರಿಗೆಯ ಹೊಣೆ ಕಾರ್ಖಾನೆಯದು.

ಕೊನೆಯದು ಗಡುವು. ಕಚ್ಚಾ ಮಾಲು ಕಳಿಸಿದ ದಿನದಿಂದ ಒಂದು ವರ್ಷದೊಳಗೆ ಮರಳಬೇಕು, ಇಲ್ಲವೇ ಜಾಬ್ ವರ್ಕರ್ ಜಾಗದಿಂದಲೇ ಮಾಲೀಕನ ಇನ್‌ವಾಯ್ಸ್ ಮೇಲೆ ಮಾರಾಟವಾಗಿರಬೇಕು. ಮಾಲು ಮಾಲೀಕನ ಬಾಗಿಲಿಗೆ ಬಾರದೆ ಸರಬರಾಜುದಾರರಿಂದ ನೇರವಾಗಿ ಶೆಡ್ಡಿಗೆ ಹೋಗಿದ್ದರೆ ಶೆಡ್ಡಿಗೆ ತಲುಪಿದ ದಿನದಿಂದ ಎಣಿಕೆ. ಯಂತ್ರಗಳಿಗೆ ಮೂರು ವರ್ಷ, ಅಚ್ಚು, ಡೈ, ಜಿಗ್‌ಗಳಿಗೆ ಗಡುವೇ ಇಲ್ಲ. ಗಡುವು ದಾಟಿದರೆ ಕಾನೂನು ಆ ಮಾಲನ್ನು ಕಳಿಸಿದ ದಿನವೇ ಮಾರಿದ್ದೀರಿ ಎಂದುಕೊಳ್ಳುತ್ತದೆ. ನಮ್ಮ ರಾಡಿನಲ್ಲಿ 100 ಕಿಲೋ ಶೆಡ್ಡಿನ ಮೂಲೆಯಲ್ಲೇ ಉಳಿದು ವರ್ಷ ದಾಟಿತು ಎನ್ನಿ. ಅದರ ಬೆಲೆ 7,000 ರೂಪಾಯಿ, ತೆರಿಗೆ 1,260 ರೂಪಾಯಿ, ಜತೆಗೆ ಆ ಇಡೀ ವರ್ಷಕ್ಕೆ ಶೇ. 18ರ ಬಡ್ಡಿ ಸುಮಾರು 227 ರೂಪಾಯಿ. ಆಮೇಲೆ ಅದೇ ಮಾಲು ವಾಪಸ್ ಬಂದರೆ ಅದು ಶೆಡ್ಡಿನವರು ಕಾರ್ಖಾನೆಗೆ ಮಾರಿದಂತೆ. ಗಡುವಿನೊಳಗೆ ಮರಳುವುದಿಲ್ಲ ಎಂದು ಮೊದಲೇ ಗೊತ್ತಾದರೆ ಆಯುಕ್ತರಿಂದ ಇನ್ನೊಂದು ವರ್ಷದ ಅವಧಿ ಕೇಳಬಹುದು.

ಇಷ್ಟೂ ಓಡಾಟ ಒಂದೆಡೆ ಸೇರುವುದು `ITC-04` ನಮೂನೆಯಲ್ಲಿ. ವಾರ್ಷಿಕ ವಹಿವಾಟು ಐದು ಕೋಟಿ ದಾಟಿದವರು ಇದನ್ನು ಅಕ್ಟೋಬರ್ 25 ಮತ್ತು ಏಪ್ರಿಲ್ 25ರೊಳಗೆ ಎರಡು ಸಲ ಸಲ್ಲಿಸಬೇಕು, ಉಳಿದವರು ವರ್ಷಕ್ಕೊಮ್ಮೆ ಏಪ್ರಿಲ್ 25ರೊಳಗೆ. ಹೋದದ್ದು ಒಂದು ಪಟ್ಟಿಯಲ್ಲಿ, ಕಳಿಸಿದವರಿಂದಲೇ ಮರಳಿದ್ದು ಇನ್ನೊಂದರಲ್ಲಿ. ನಮ್ಮ ಪಿನ್ನುಗಳಂತೆ ಮೊದಲು ಒಬ್ಬರಿಗೆ ಹೋಗಿ ಇನ್ನೊಬ್ಬರಿಂದ ಬಂದ ಮಾಲಿಗೆ ಬೇರೆಯೇ ಪಟ್ಟಿ ಇದೆ, ನಷ್ಟ ಮತ್ತು ತ್ಯಾಜ್ಯಕ್ಕೆ ಪ್ರತ್ಯೇಕ ಅಂಕಣವಿದೆ. ವರ್ಷದ ಕೊನೆಗೆ ಕೂತು ಇದನ್ನು ತುಂಬಲು ಹೊರಟವರಿಗೆ ಯಾವ ರಾಡು ಯಾವ ಪಿನ್ನಾಯಿತು ಎಂದು ಹುಡುಕುವುದೇ ದೊಡ್ಡ ಕೆಲಸ. ಪ್ರತಿ ಚಲನ್ ಮರಳಿದ ದಿನವೇ ತೂಕದ ಲೆಕ್ಕ ಬರೆದಿಟ್ಟವರಿಗೆ ಅದು ಅಂಕಿಗಳನ್ನು ನಕಲು ಮಾಡುವ ಕೆಲಸ ಮಾತ್ರ.